ಡಿಎನ್‌ಡಿ ಹಾಕಿದ್ದರೂ ಫೋನ್ ಬಡಿದುಕೊಳ್ಳುವುದೇಕೆ?

ಮುಂಬೈಯ ಮಾಟುಂಗಾದಲ್ಲಿ ಕೇಟರಿಂಗ್ ನಡೆಸುವ ಕುಂದಾಪುರ ಕಡೆಯ ಗೆಳೆಯರೊಬ್ಬರ ದೂರು ಇದು: "ಡಿಎನ್‌ಡಿ ಹಾಕಿ ಮೂರು ವರ್ಷ ಆಯ್ತು ಮಾರಾಯ್ರೆ. ಸಾಂಬಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಪರ್ಸನಲ್ ಲೋನ್ ಬೇಕಾ ಅಂತ ಕೇಳ್ತಾರೆ."

2007ರಲ್ಲಿ ಜಾಹೀರಾತು ಕರೆ ಬೇಡ ಎನ್ನುವವರಿಗಾಗಿ 'ಕರೆ ಮಾಡಬೇಡಿ' ಪಟ್ಟಿ ಬಂತು, ಈಗಿನ ಡಿಎನ್‌ಡಿಯ ಮೂಲ ಅದೇ. 2011ರಲ್ಲಿ ಯಾವ ವಿಷಯದ ಜಾಹೀರಾತು ಬೇಕು, ಯಾವುದು ಬೇಡ ಎಂದು ಆರಿಸುವ ಅವಕಾಶ ಬಂತು. ನಿಜವಾದ ತಿರುವು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಗಳದ್ದು.

ಆ ನಿಯಮದಂತೆ ಜಾಹೀರಾತು ಕಳಿಸುವವರು ಮೊದಲು ನೋಂದಾಯಿಸಬೇಕು. ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡೂ ಡಿಎಲ್‌ಟಿ ಎಂಬ ಡಿಜಿಟಲ್ ದಾಖಲೆಗೆ ಸೇರಬೇಕು. ಅವರ ನಂಬರ್ ಪಟ್ಟಿಯನ್ನು ಅಲ್ಲಿ ಜರಡಿ ಹಿಡಿಯುತ್ತಾರೆ. ನೀವು 1909ಕ್ಕೆ `START 0` ಎಂದು ಮೆಸೇಜ್ ಕಳಿಸಿದ್ದರೆ ನಿಮ್ಮ ನಂಬರ್ ಅಲ್ಲೇ ಉದುರುತ್ತದೆ. ಆದರೆ ಯಾವುದೋ ಫಾರ್ಮ್ ತುಂಬುವಾಗ ನೀವೇ ಆ ಕಂಪನಿಗೆ ಒಪ್ಪಿಗೆ ಕೊಟ್ಟಿದ್ದರೆ ಉದುರುವುದಿಲ್ಲ. ಓಟಿಪಿ, ಬಿಲ್ಲಿನಂಥವಕ್ಕೂ ಈ ತಡೆ ಇಲ್ಲ. ಈಗ ಸಂದೇಶ ಕಳಿಸಿದವರ ಹೆಸರಿನ ಕೊನೆಯಲ್ಲಿ `-P` ಇದ್ದರೆ ಅದು ಜಾಹೀರಾತು. `-S` ಸೇವೆಯದ್ದು, `-T` ವ್ಯವಹಾರದ್ದು.

ಜರಡಿ ಚೆನ್ನಾಗೇ ಇದೆ. ಆದರೆ ಅದರ ಮೂಲಕ ಹೋಗುವವರನ್ನು ಮಾತ್ರ ಅದು ಸೋಸುತ್ತದೆ. ನೋಂದಾಯಿತ ಜಾಹೀರಾತು ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ನಮ್ಮ ಗೆಳೆಯರಿಗೆ ಬರುವುದೋ ಮಾಮೂಲಿ 10 ಅಂಕಿಯ ಮೊಬೈಲ್‌ನಿಂದ. ಯಾರೋ ಸುಮ್ನೆ ಸಿಮ್ ಹಾಕಿಕೊಂಡು ನಂಬರ್ ಒತ್ತುತ್ತಾರೆ. ಅವರು ಡಿಎನ್‌ಡಿ ಪಟ್ಟಿ ನೋಡುವ ಪ್ರಶ್ನೆಯೇ ಇಲ್ಲ. ವಾಟ್ಸಾಪ್ ಕೂಡ ಈ ಜರಡಿಯ ಹೊರಗೇ.

ಬ್ಲಾಕ್ ಮಾಡಬಹುದಲ್ವಾ? ಮಾಡಿದರು. ಬ್ಲಾಕ್ ಆದದ್ದು ಒಂದು ನಂಬರ್, ಮರುದಿನ ಬಂದದ್ದು ಇನ್ನೊಂದು. ಗುರುತಿಲ್ಲದ ಕರೆಗಳನ್ನೆಲ್ಲ ಮೌನಕ್ಕೆ ಹಾಕುವ ಸೆಟ್ಟಿಂಗ್ ಕೂಡ ಇದೆ. ಒಂದು ವಾರ ಹಾಕಿ ನೋಡಿದರು. ನಾಮಕರಣದ ಊಟದ ಆರ್ಡರ್ ಒಂದು ತಪ್ಪಿಹೋಯಿತು. ಹೊಸ ಗಿರಾಕಿಯ ನಂಬರ್ ಮೊದಲೇ ಸೇವ್ ಆಗಿರುವುದು ಹೇಗೆ?

ಉಳಿದದ್ದು ದೂರು. 2025ರ ತಿದ್ದುಪಡಿಯಿಂದ ಅದು ಸ್ವಲ್ಪ ಹಗುರವಾಗಿದೆ. ಕರೆ ಬಂದ ಮೇಲೆ ದೂರು ಕೊಡಲು ಹಿಂದೆ 3 ದಿನ ಇತ್ತು, ಈಗ 7 ದಿನ ಇದೆ. ನೋಂದಣಿ ಇಲ್ಲದವರ ಮೇಲೆ ದೂರಲು ನೀವು ಡಿಎನ್‌ಡಿ ಹಾಕಿರಲೇಬೇಕೆಂದಿಲ್ಲ. ಮೊದಲು 7 ದಿನದಲ್ಲಿ 10 ದೂರು ಬಿದ್ದರೆ ಕ್ರಮ ಇತ್ತು, ಈಗ 10 ದಿನದಲ್ಲಿ 5 ಸಾಕು. ಅಂದರೆ ಒಬ್ಬರೇ ಕೂಗಿದರೆ ಸಾಲದು, ಅದೇ ನಂಬರಿನ ಮೇಲೆ ಇನ್ನೂ ನಾಲ್ಕು ಜನ ಬೇಸತ್ತಿರಬೇಕು. ಕಾಟ ಕೊಡುವವರಿಗೆ ಸಿಮ್ ಬದಲಿಸಲು ಒಂದು ನಿಮಿಷ, ಕಾಟ ತಿಂದವರಿಗೆ ವಿಷಯ, ನಂಬರ್, ತಾರೀಖು ಟೈಪ್ ಮಾಡುವ ಕೆಲಸ. ಲೆಕ್ಕ ಯಾಕೋ ಸರಿಹೊಂದುವುದಿಲ್ಲ.

ಗೆಳೆಯರು ಈಗ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಹಾಕಿಕೊಂಡಿದ್ದಾರೆ. ದೂರು ಬರೆಯುವುದು ರಾತ್ರಿ, ಪಾತ್ರೆಗಳೆಲ್ಲ ತೊಳೆದಾದ ಮೇಲೆ.