ಗಾಸ್‌ನ ಆವರಣದಿಂದ ಫ್ಲೋರ್, ಸೀಲಿಂಗ್‌ವರೆಗೆ

ಸಂಖ್ಯಾಸಿದ್ಧಾಂತದ ಒಂದು ಪ್ರಮೇಯವನ್ನು ಸಾಧಿಸಲು ಕಾರ್ಲ್ ಫ್ರೆಡ್ರಿಕ್ ಗಾಸ್ 1808ರಲ್ಲಿ [x] ಎಂಬ ಚಿಹ್ನೆ ಬಳಸಿದರು. x ಅನ್ನು ಮೀರದ ಅತಿ ದೊಡ್ಡ ಪೂರ್ಣಾಂಕ ಎಂಬುದು ಅದರ ಅರ್ಥ. ಒಂದೂವರೆ ಶತಮಾನ ಇದೇ ಆವರಣ ನಡೆಯಿತು. ಆದರೆ ಚೌಕ ಆವರಣಕ್ಕೆ ಬೇರೆ ಕೆಲಸಗಳೂ ಇದ್ದವು, xಗಿಂತ ಕಡಿಮೆಯಲ್ಲದ ಅತಿ ಚಿಕ್ಕ ಪೂರ್ಣಾಂಕ, ಅಂದರೆ ‘ಮೇಲಿನ ಪೂರ್ಣಾಂಕ’ಕ್ಕೆ ಜೊತೆ ಚಿಹ್ನೆ ಇರಲಿಲ್ಲ. 1962ರಲ್ಲಿ ಕೆನೆತ್ ಐವರ್ಸನ್ ⌊x⌋, ⌈x⌉ ಚಿಹ್ನೆಗಳನ್ನೂ ಫ್ಲೋರ್, ಸೀಲಿಂಗ್ ಎಂಬ ಹೆಸರುಗಳನ್ನೂ ಕೊಟ್ಟರು. ಎರಡರ ನಂಟು ಸರಳ: ⌈x⌉ = −⌊−x⌋.

ಋಣಸಂಖ್ಯೆ ಬಂದಾಗ ಹಲವರು ಎಡವುತ್ತಾರೆ. ದಶಮಾಂಶ ಭಾಗ ಕತ್ತರಿಸಿದರೆ −3.5 ಎಂಬುದು −3 ಆಗುತ್ತದೆ. ಫ್ಲೋರ್ ಕೊಡುವುದು −4. ಪೈಥಾನ್‌ನಲ್ಲಿ `-7 // 2` ಬರೆದರೆ −4 ಬರುತ್ತದೆ, ಸಿ ಭಾಷೆಯ `-7 / 2` −3 ಕೊಡುತ್ತದೆ. ಹಾಗಾಗಿ ‘ಪೂರ್ಣಾಂಕ ಭಾಗ’ ಎಂದು ನೆನಪಿಡುವ ಬದಲು ⌊x⌋ = k ಎಂದರೆ k ≤ x < k + 1 ಎಂದು ಬರೆದುಕೊಳ್ಳುವುದೇ ಲೇಸು. ಮುಂದಿನ ಎರಡೂ ಲೆಕ್ಕ ಇದರ ಮೇಲೆಯೇ ನಿಂತಿವೆ.

ಶ್ರೀನಿವಾಸ ರಾಮಾನುಜನ್ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಓದುಗರ ಮುಂದಿಟ್ಟ 723ನೇ ಪ್ರಶ್ನೆಯಲ್ಲಿ ಈ ನಿತ್ಯಸಮೀಕರಣವೂ ಇತ್ತು. n ಧನ ಪೂರ್ಣಾಂಕ:

⌊√n + √(n+1)⌋ = ⌊√(4n+2)⌋

ಎಡಗಡೆಯ ಮೊತ್ತವನ್ನು s ಎನ್ನೋಣ. ಆಗ s² = 2n + 1 + 2√(n²+n). ಇಲ್ಲಿ n² + n ಎಂಬುದು n²ಗಿಂತ ಹೆಚ್ಚು, (n + ½)²ಗಿಂತ ¼ ಕಡಿಮೆ. ಆದ್ದರಿಂದ 4n + 1 < s² < 4n + 2. ಎರಡು ಫ್ಲೋರ್‌ಗಳು ಬೇರೆಯಾಗಬೇಕಾದರೆ s < m ≤ √(4n+2) ಆಗುವ ಪೂರ್ಣಾಂಕ m ಇರಬೇಕು. ಆಗ m² = 4n + 2 ಆಗದೆ ಬೇರೆ ದಾರಿಯಿಲ್ಲ. ಆದರೆ ಯಾವ ವರ್ಗವನ್ನು 4ರಿಂದ ಭಾಗಿಸಿದರೂ ಶೇಷ 0 ಅಥವಾ 1, ಎಂದಿಗೂ 2 ಅಲ್ಲ. ಅಂಥ m ಇಲ್ಲ. ಎರಡೂ ಬದಿ ಸಮ. ಎರಡು ವರ್ಗಮೂಲಗಳ ತೊಡಕು ಕೊನೆಗೆ ಒಂದು ಶೇಷದ ಮಾತಿಗೆ ಇಳಿಯುವುದು ಬಹಳ ಸೊಗಸು.

ಸಮೀಕರಣ ಬಿಡಿಸುವಾಗಲೂ ಮೊದಲು ಫ್ಲೋರ್‌ಗೆ k ಎಂದು ಹೆಸರಿಡಬೇಕು. ಉದಾಹರಣೆಗೆ x² − 4⌊x⌋ + 3 = 0. ಇದರಿಂದ x² = 4k − 3. ಬಲಬದಿ ಋಣವಾಗಬಾರದು, ಹಾಗಾಗಿ k ≥ 1. x ಕೂಡ ಧನ. ಈಗ k ≤ x ಎಂಬುದನ್ನು ವರ್ಗ ಮಾಡಿದರೆ k² ≤ 4k − 3, ಅಂದರೆ (k − 1)(k − 3) ≤ 0. k ಆಗಬಲ್ಲದ್ದು 1, 2, 3 ಮಾತ್ರ. ಇವುಗಳಿಂದ x ಕ್ರಮವಾಗಿ 1, √5, 3. x < k + 1 ಎಂಬ ಇನ್ನೊಂದು ಮಿತಿಯನ್ನು ಪರೀಕ್ಷಿಸದೆ ಉತ್ತರ ಬರೆಯಬಾರದು. ಇಲ್ಲಿ ಮೂರೂ ಪಾಸಾಗುತ್ತವೆ. √5 ಸುಮಾರು 2.236, ಅದರ ಫ್ಲೋರ್ 2. ಆವರಣ ತೆಗೆದುಹಾಕಿ x² − 4x + 3 = 0 ಎಂದು ಬಿಡಿಸಿದವರಿಗೆ 1, 3 ಸಿಗುತ್ತವೆ, √5 ತಪ್ಪಿಹೋಗುತ್ತದೆ. ಸಿಕ್ಕ ಎರಡೂ ಸರಿಯಾಗಿ ತಾಳೆಯಾಗುವುದರಿಂದ ಒಂದು ಬಿಟ್ಟುಹೋದದ್ದು ಗೊತ್ತಾಗುವುದೇ ಇಲ್ಲ.