ಮಾತ್ರೆ ನೆನಪಿಸುವ ಆ್ಯಪ್: ವಾಚಿಗೆ ಯಾವ ಕೆಲಸ, ಫೋನಿಗೆ ಯಾವುದು?

ಪ್ರಶ್ನೆ: ಮನೆಯ ಹಿರಿಯರಿಗೆ ಮಾತ್ರೆ ನೆನಪಿಸುವ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇನೆ. ಹೊಸ ಮಾತ್ರೆ ಸೇರಿಸುವುದು, ಹೊತ್ತು ಬದಲಿಸುವುದು, ಬಿಪಿ ಬರೆದಿಡುವುದು, ತಿಂಗಳ ಪಟ್ಟಿ, ಡಾಕ್ಟರಿಗೆ ಕಳಿಸುವ ವರದಿ, ಹೀಗೆ ಹತ್ತು ಹನ್ನೆರಡು ಕೆಲಸ ಅದರಲ್ಲಿವೆ. ಈಗ ಸ್ಮಾರ್ಟ್‌ವಾಚಿಗೂ ಬೇಕು ಅಂತ ಕೇಳ್ತಿದ್ದಾರೆ. ಎಲ್ಲವನ್ನೂ ಚಿಕ್ಕದು ಮಾಡಿ ಹಾಕಬೇಕಾ? ಇಲ್ಲ ಅಂದ್ರೆ ಯಾವುದನ್ನು ಬಿಡಬೇಕು?

ಉತ್ತರ: ಎರಡೇ ಕೆಲಸ ಹಾಕಿ. ಹೊತ್ತಿಗೆ ಸರಿಯಾಗಿ ನೆನಪಿಸಿ "ತಗೊಂಡೆ" ಅಂತ ಒತ್ತಿಸಿಕೊಳ್ಳುವುದು ಒಂದು. "ಬೆಳಗ್ಗೆಯ ಮಾತ್ರೆ ತಗೊಂಡ್ನಾ ಇಲ್ವಾ?" ಅನ್ನುವ ಅನುಮಾನಕ್ಕೆ ಉತ್ತರ ತೋರಿಸುವುದು ಇನ್ನೊಂದು. ಉಳಿದದ್ದೆಲ್ಲ ಫೋನಿನಲ್ಲೇ ಇರಲಿ.

ಇಂಥದ್ದೇ ಆ್ಯಪನ್ನು ನಾನು ನಮ್ಮ ಅಮ್ಮನಿಗಾಗಿ ಮಾಡಿದ್ದೇನೆ. ಬೆಳಗ್ಗೆ ಎಂಟಕ್ಕೆ ಅವರು ಅಡುಗೆಮನೆಯಲ್ಲಿರುತ್ತಾರೆ. ಫೋನು ನಡುಮನೆಯಲ್ಲಿ ಚಾರ್ಜಿಗೆ ಹಾಕಿರುತ್ತದೆ. ಕೈ ಒದ್ದೆ, ಒಲೆ ಮೇಲೆ ಹಾಲು. ಆಗ ವಾಚು ನಡುಗಿದರೆ ಗೊತ್ತಾಗುತ್ತದೆ, ಫೋನು ಕೂಗಿದರೆ ಕುಕ್ಕರ್ ಸದ್ದಿನಲ್ಲಿ ಕೇಳುವುದಿಲ್ಲ. ವಾಚಿಗೆ ಸೇರಬೇಕಾದ ಕೆಲಸದ ಮೊದಲ ಗುರುತು ಇದೇ. ಅದು ಬರುವ ಹೊತ್ತಿಗೆ ಫೋನು ಕೈಯಲ್ಲಿ ಇರುವುದಿಲ್ಲ, ಮತ್ತು ಆ ಹೊತ್ತು ಕಾಯುವುದೂ ಇಲ್ಲ.

ಎರಡನೆಯ ಗುರುತನ್ನು ಈಗಲೇ ಮಾಡಿ ನೋಡಿ. ಎಡಗೈ ಎತ್ತಿ ವಾಚು ನೋಡುವ ಹಾಗೆ ಹಿಡಿಯಿರಿ, ಬಲಗೈ ಬೆರಳಿನಿಂದ ಅದರ ಮೇಲೆ ಸವರುತ್ತಾ ಇರಿ. ಸ್ವಲ್ಪ ಹೊತ್ತಿಗೇ ತೋಳು ಭಾರವಾಗುತ್ತದೆ. ಫೋನನ್ನು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ನಡೆಸಬಹುದು. ಚಿಕ್ಕ ವಾಚಿಗೆ ಎರಡೂ ಕೈ ಬೇಕು. ಅದಕ್ಕೇ ನೋಡಿ, ಒಂದು ಸಲ ಒತ್ತಿ ಕೈ ಇಳಿಸುವಂಥದ್ದು ಮಾತ್ರ ಅಲ್ಲಿ ನಡೆಯುತ್ತದೆ.

ಬಿಪಿ ಬರೆಯುವುದನ್ನು ವಾಚಿಗೆ ಹಾಕಬೇಕು ಅಂತ ನಿಮಗೂ ಆಸೆ ಆಗಬಹುದು, ನನಗೂ ಆಗಿತ್ತು. ಆದರೆ 132, 84 ಅಂತ ಎರಡು ಅಂಕಿ ಒತ್ತಬೇಕು. ಮೇಲಾಗಿ ಬಿಪಿ ನೋಡುವಾಗ ಅಮ್ಮ ಮೇಜಿನ ಮುಂದೆ ಕೂತಿರುತ್ತಾರೆ, ಫೋನು ಪಕ್ಕದಲ್ಲೇ ಇರುತ್ತದೆ. ಅವಸರ ಏನೂ ಇಲ್ಲ. ಹಾಗಾಗಿ ಅದು ಫೋನಿನ ಕೆಲಸ. ಹೊತ್ತು ಬದಲಿಸುವುದಂತೂ ವಾಚಿಗೆ ಬೇಡವೇ ಬೇಡ. ಬೆರಳು ಜಾರಿ 8 ಹೋಗಿ 9 ಆದರೆ ಅದು ದಿನಾ ತಪ್ಪುತ್ತಾ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ಮಾತ್ರೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ. "ತಗೊಂಡೆ" ಒತ್ತಿದಾಗ ಅದು ತಾನೇ ಒಂದು ಕಡಿಮೆ ಆಗಬೇಕು, ಅದಕ್ಕೆ ವಾಚಿನಲ್ಲಿ ಪರದೆಯೇ ಬೇಕಿಲ್ಲ.

ಒಂದು ಕೆಲಸ ಹಾಕಿದರೆ ಅದರ ಬಾಲವೂ ಜೊತೆಗೆ ಬರಬೇಕು. "ತಗೊಂಡೆ" ವಾಚಿನಲ್ಲಿ ಇದ್ದರೆ "ತಪ್ಪಾಗಿ ಒತ್ತಿದೆ" ಕೂಡ ವಾಚಿನಲ್ಲೇ ಇರಬೇಕು. ಅದಕ್ಕಾಗಿ ಫೋನು ಹುಡುಕಬೇಕು ಅಂದರೆ ಯಾರೂ ತಿದ್ದುವುದಿಲ್ಲ. ಆಗ ತಗೊಳ್ಳದ ಮಾತ್ರೆ ತಗೊಂಡ ಲೆಕ್ಕಕ್ಕೆ ಸೇರುತ್ತದೆ. "10 ನಿಮಿಷ ಬಿಟ್ಟು" ಅನ್ನುವ ಬಟನ್ನೂ ಇರಲಿ. ತಿಂಡಿ ಆದ ಮೇಲಿನ ಮಾತ್ರೆಗೆ ಅದು ಬೇಕೇ ಬೇಕು.

ಎರಡನೆಯ ಕೆಲಸವನ್ನು, ಅಂದರೆ ತಗೊಂಡ್ನಾ ಇಲ್ವಾ ಅನ್ನುವುದರ ಉತ್ತರವನ್ನು, ಆ್ಯಪಿನ ಒಳಗೆ ಇಡಬೇಡಿ. ಗೂಗಲ್‌ನ ವೇರ್ ಓಎಸ್ ಇರುವ ವಾಚಿನಲ್ಲಿ ಗಡಿಯಾರದ ಮುಖವನ್ನು ಪಕ್ಕಕ್ಕೆ ಸರಿಸಿದರೆ ಬರುವ ಟೈಲ್ ಇದೆಯಲ್ಲ, ಅಲ್ಲಿ ಇಡಿ. ಬಹಳ ಜನ ಅಲ್ಲಿ ಮುಂದಿನ ಮಾತ್ರೆಯ ಹೊತ್ತು ಮಾತ್ರ ತೋರಿಸುತ್ತಾರೆ. ನನ್ನ ಪ್ರಕಾರ ಹಿಂದಿನದು ಅದಕ್ಕಿಂತ ಮುಖ್ಯ. "ಬೆಳಗ್ಗೆ 8:05ಕ್ಕೆ ತಗೊಂಡಿದ್ದೀರಿ" ಅಂತ ನಡುವೆ ದೊಡ್ಡದಾಗಿ, "ಮುಂದಿನದು ರಾತ್ರಿ 8" ಅಂತ ಕೆಳಗೆ ಚಿಕ್ಕದಾಗಿ. ಮರೆತು ಎರಡು ಸಲ ತಗೊಳ್ಳುವುದನ್ನು ತಡೆಯುವುದು ಆ ದೊಡ್ಡ ಸಾಲು.

ಅಕ್ಷರದ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಅಳತೆ ಮಾಡಿ ಸಾಲಿನ ಎತ್ತರ ಕಟ್ಟಿಟ್ಟರೆ ಕನ್ನಡದ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. "ಮಾತ್ರೆ"ಯ ರಾವತ್ತಿಗೆ ಕೆಳಗೆ ಜಾಗ ಬೇಕು. ದುಂಡು ಪರದೆಯಲ್ಲಿ ಮೊದಲ ಮತ್ತು ಕೊನೆಯ ಸಾಲು ಅಂಚಿಗೆ ಸಿಕ್ಕಿ ಮೊಟಕಾಗುತ್ತವೆ. ಆದ್ದರಿಂದ ಮುಖ್ಯವಾದದ್ದನ್ನು ನಡುವೆ ಇಡಿ. ವಾಚಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ ಒಮ್ಮೆ ನೋಡಿ, ಹಿರಿಯರು ಅದನ್ನೇ ಇಟ್ಟುಕೊಂಡಿರುತ್ತಾರೆ.

ಈಗ ನಿಜವಾದ ಕಷ್ಟದ ವಿಷಯ. ಒಂದು ದಿನ ಅಮ್ಮ 8:05ಕ್ಕೆ ವಾಚಿನಲ್ಲಿ "ತಗೊಂಡೆ" ಒತ್ತಿದ್ದರು. 8:30ಕ್ಕೆ ಆಫೀಸಿನ ದಾರಿಯಲ್ಲಿದ್ದ ನನಗೆ ಅವರ ಫೋನಿನ ಆ್ಯಪಿನಿಂದ "ಅಮ್ಮ ಮಾತ್ರೆ ತಗೊಂಡಿಲ್ಲ" ಅಂತ ಬಂತು. ಫೋನ್ ಮಾಡಿ "ತಗೊಂಬಿಡಮ್ಮ" ಅಂದೆ. "ತಗೊಂಡ ಹಾಗಿತ್ತಲ್ಲೋ" ಅಂದರು ಅವರು, ಆದರೂ ಇನ್ನೊಂದು ಬಿಪಿ ಮಾತ್ರೆ ಬಿಡಿಸಲು ಹೋದರು. ಸ್ಟ್ರಿಪ್ಪಿನಲ್ಲಿ ಖಾಲಿ ಗುಳಿ ಎಣಿಸಿದ್ದರಿಂದ ಉಳಿದುಕೊಂಡೆವು.

ತಪ್ಪು ನನ್ನ ಕೋಡಿನಲ್ಲಿತ್ತು. ವಾಚಿನಿಂದ ಫೋನಿಗೆ ಹೋಗುವ ಡೇಟಾವನ್ನು ವೇರ್ ಓಎಸ್ ಬ್ಯಾಟರಿ ಉಳಿಸಲು ತಡೆದಿಟ್ಟು ಕಳಿಸಬಹುದು. ತುರ್ತು ಅಂತ ನಾವು ಹೇಳದಿದ್ದರೆ ಈ ತಡ 30 ನಿಮಿಷದವರೆಗೂ ಆಗಬಹುದು. ಹೇಳಲು ಒಂದೇ ಮಾತು ಸಾಕು, `setUrgent()`:

```kotlin
val req = PutDataMapRequest.create("/dose/20250612-0800").apply {
    dataMap.putString("state", "taken")
    dataMap.putLong("at", takenAtMillis)
}.asPutDataRequest().setUrgent()
Wearable.getDataClient(context).putDataItem(req)
```

ಇಲ್ಲಿ `DataClient` ಬಳಸಿದ್ದೇಕೆ ಅಂದರೆ, ಫೋನಿನ ಸಂಪರ್ಕ ಇಲ್ಲದಿದ್ದರೂ ಅದು ಸುದ್ದಿಯನ್ನು ಇಟ್ಟುಕೊಂಡು, ಸಂಪರ್ಕ ಬಂದ ಮೇಲೆ ತಲುಪಿಸುತ್ತದೆ. `MessageClient` ಹಾಗೆ ಇಟ್ಟುಕೊಳ್ಳುವುದಿಲ್ಲ. `/dose/` ಅಂತ ಶುರುವಾಗುವ ಪಾತ್‌ನಲ್ಲಿ ತಾರೀಕು, ಹೊತ್ತು ಸೇರಿಸಿರುವುದರಿಂದ ಒಂದು ಡೋಸಿಗೆ ಒಂದೇ ಗುರುತು. ಅಮ್ಮ ವಾಚಿನಲ್ಲೂ ಫೋನಿನಲ್ಲೂ ಒತ್ತಿದರೆ, ಆ ಗುರುತು ನೋಡಿ ಒಂದೇ ಅಂತ ಲೆಕ್ಕ ಹಾಕಬಹುದು.

ಇಷ್ಟಾದರೂ ಒಂದು ಸಂದು ಉಳಿಯುತ್ತದೆ. ಅಮ್ಮ ವಾಚು ಕಟ್ಟಿಕೊಂಡು ದೇವಸ್ಥಾನಕ್ಕೆ ಹೋಗಿ, ಫೋನು ಮನೆಯಲ್ಲೇ ಇದ್ದರೆ? ಬ್ಲೂಟೂತ್ ಅಷ್ಟು ದೂರ ಮುಟ್ಟುವುದಿಲ್ಲ, ವಾಚಿಗೆ ಬೇರೆ ನೆಟ್ಟೂ ಇಲ್ಲ ಅಂದರೆ ಸುದ್ದಿ ಬರುವುದು ಅವರು ವಾಪಸ್ ಬಂದ ಮೇಲೇ. ಅದಕ್ಕೆ ನಾನು ಮಾತನ್ನೇ ಬದಲಿಸಿದೆ. ಸಂಪರ್ಕ ಇಲ್ಲದಾಗ ನನಗೆ "ತಗೊಂಡಿಲ್ಲ" ಅಂತ ಬರುವುದಿಲ್ಲ, "ವಾಚಿನಿಂದ ಇನ್ನೂ ಸುದ್ದಿ ಬಂದಿಲ್ಲ" ಅಂತ ಬರುತ್ತದೆ. ನೆನಪಿಸುವ ಅಲಾರಂ ಕೂಡ ಆಗ ವಾಚಿನೊಳಗೇ ಇದ್ದರೆ ಮಾತ್ರ ಹೊಡೆಯುತ್ತದೆ, ಫೋನನ್ನು ನಂಬಿಕೊಂಡರೆ ಆಗುವುದಿಲ್ಲ.

ವಾಚ್ ಆ್ಯಪ್ ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಫೋನಿನ ನೋಟಿಫಿಕೇಶನ್ನಿಗೇ "ತಗೊಂಡೆ" ಬಟನ್ ಹಾಕಿ. ವೇರ್ ಓಎಸ್ ವಾಚು ಹತ್ತಿರದಲ್ಲಿದ್ದರೆ ಆ ಬಟನ್ ತಾನಾಗಿಯೇ ಅಲ್ಲಿ ಕಾಣುತ್ತದೆ, ಒತ್ತಿದರೆ ಕೆಲಸ ಫೋನಿನಲ್ಲಿ ಆಗುತ್ತದೆ. ಮುಂದೆ ವಾಚಿನ ಆ್ಯಪ್ ತಾನೇ ನೆನಪಿಸಲು ಶುರು ಮಾಡಿದಾಗ, ಫೋನಿನದು ವಾಚಿಗೆ ಹೋಗದಂತೆ `setLocalOnly(true)` ಕೊಡಿ. ಇಲ್ಲದಿದ್ದರೆ ಒಂದೇ ಮಾತ್ರೆಗೆ ಎರಡು ಸಲ ನಡುಗುತ್ತದೆ, ಹಿರಿಯರು ಎರಡು ಮಾತ್ರೆ ಅಂತ ತಿಳಿದುಕೊಂಡರೆ ಕಷ್ಟ.

ನಿಮ್ಮನ್ನು ಕೇಳಿದವರ ಕೈಯಲ್ಲಿ ಯಾವ ವಾಚಿದೆ ಅಂತಲೂ ವಿಚಾರಿಸಿ. ನಮ್ಮಲ್ಲಿ ಎರಡು ಮೂರು ಸಾವಿರ ರೂಪಾಯಿಗೆ ಸಿಗುವ ವಾಚುಗಳಲ್ಲಿ ಸಾಮಾನ್ಯವಾಗಿ ವೇರ್ ಓಎಸ್ ಇರುವುದಿಲ್ಲ. ಅವಕ್ಕೆ ನಿಮ್ಮ ಆ್ಯಪ್ ಹಾಕುವುದಕ್ಕೇ ಆಗುವುದಿಲ್ಲ, ಫೋನಿಗೆ ಬಂದ ನೋಟಿಫಿಕೇಶನ್ನಿನ ಅಕ್ಷರ ಮಾತ್ರ ಕಾಣುತ್ತದೆ. ಅಂಥವರಿಗೆ ನೀವು ಮಾಡಬಹುದಾದದ್ದು ಆ ಮೊದಲ ಸಾಲನ್ನು ಸರಿಯಾಗಿ ಬರೆಯುವುದು. "ನೆನಪೋಲೆ: ನಿಮ್ಮ ಔಷಧಿಯ ಸಮಯವಾಗಿದೆ" ಅಂತ ಬರೆದರೆ ಯಾವ ಔಷಧಿ ಅಂತ ಗೊತ್ತಾಗದೆ ಫೋನಿಗೇ ಹೋಗಬೇಕು. "ಬಿಪಿ ಬಿಳಿ ಮಾತ್ರೆ 1, ತಿಂಡಿ ಆದ ಮೇಲೆ" ಅಂತ ಬರೆದರೆ ಅಡುಗೆಮನೆಯಿಂದ ನೇರವಾಗಿ ಡಬ್ಬಿಯ ಹತ್ತಿರ ಹೋಗುತ್ತಾರೆ.