ಗಡ್ಡದ ಕತ್ತಿನ ಗೆರೆ ಎಲ್ಲಿರಬೇಕು?

ಓದುಗರ ಪ್ರಶ್ನೆ: ನನಗೆ ಸುಮಾರು 8 ಮಿಲಿಮೀಟರ್ ಉದ್ದದ ಗಡ್ಡವಿದೆ. ಮನೆಯಲ್ಲೇ ಟ್ರಿಮ್ಮರ್‌ನಿಂದ ಅಂಚು ಸರಿಪಡಿಸಿಕೊಳ್ಳುತ್ತೇನೆ. ಕತ್ತರಿಸುವಾಗ ಕನ್ನಡಿಯಲ್ಲಿ ಗೆರೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಫೋಟೊದಲ್ಲಿ ನೋಡಿದರೆ ಮುಖ ದುಂಡಗಾಗಿ, ಗದ್ದದ ಕೆಳಗಿನ ಮಾಂಸವೆಲ್ಲ ಎದ್ದು ಕಾಣುತ್ತದೆ. ಗಡ್ಡ ಬಿಡುವ ಮೊದಲು ಹೀಗಿರಲಿಲ್ಲ. ತಪ್ಪು ಎಲ್ಲಿ ಆಗುತ್ತಿದೆ?

ಉತ್ತರ: ನಿಮ್ಮ ಕತ್ತಿನ ಗೆರೆ ಇರಬೇಕಾದುದಕ್ಕಿಂತ ಮೇಲಿದೆ. ನೀವು ಹೇಳಿದ ಲಕ್ಷಣಗಳು ಬೇರೆ ಯಾವ ಕಾರಣಕ್ಕೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ದವಡೆಯ ಮೂಳೆ ಕೈಗೆ ಸಿಗುವ ಅಂಚಿನಲ್ಲೇ ಗಡ್ಡವನ್ನು ನಿಲ್ಲಿಸುತ್ತಿದ್ದೀರಿ. ಮುಖದ ಆಕಾರ ಆ ಮೂಳೆಯಿಂದಲೇ ಬರುವುದರಿಂದ ಗೆರೆಯೂ ಅಲ್ಲಿಯೇ ಇರಬೇಕು ಎಂದು ಹೆಚ್ಚಿನವರು ಎಣಿಸುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ. ಗದ್ದದ ಕೆಳಗೆ, ದವಡೆಯಿಂದ ಕತ್ತಿನವರೆಗೆ, ಎಷ್ಟೇ ತೆಳ್ಳಗಿನವರಿಗೂ ಸ್ವಲ್ಪ ಮೆತ್ತನೆಯ ಭಾಗ ಇದ್ದೇ ಇರುತ್ತದೆ. ಅಲ್ಲಿ ಕೂದಲಿದ್ದರೆ ಅದು ನೆರಳಿನಂತೆ ಕಂಡು ಹಿಂದಕ್ಕೆ ಸರಿಯುತ್ತದೆ, ದವಡೆ ಮುಂದೆ ಬರುತ್ತದೆ. ಆ ಕೂದಲನ್ನು ಬೋಳಿಸಿದರೆ ಕಪ್ಪು ಗಡ್ಡದ ಕೆಳಗೆ ಬಿಳಿಚಿದ ಚರ್ಮದ ಪಟ್ಟಿಯೊಂದು ಉಳಿದು, ನೋಡುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ.

ಗೆರೆ ಮೇಲೇರುವುದಕ್ಕೆ ಮುಖ್ಯ ಕಾರಣ, ಗದ್ದ ಎತ್ತಿಕೊಂಡು ಕತ್ತರಿಸುವುದು. ತಲೆ ಹಿಂದಕ್ಕೆ ಬಾಗಿದಾಗ ದವಡೆಯ ಕೆಳಭಾಗವೆಲ್ಲ ಕನ್ನಡಿಗೆ ಎದುರಾಗಿ ನಿಲ್ಲುತ್ತದೆ, ಕತ್ತಿನ ಚರ್ಮವೂ ಎಳೆದುಕೊಳ್ಳುತ್ತದೆ. ಆ ಭಂಗಿಯಲ್ಲಿ ಗಡ್ಡ ತೀರಾ ಕೆಳಗಿನವರೆಗೆ ಹಬ್ಬಿದಂತೆ ತೋರುತ್ತದೆ, ಹಾಗಾಗಿ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ತಲೆ ಇಳಿಸಿದ ಮೇಲೆ ಗೆರೆ ದವಡೆಯ ಅಂಚಿಗೇ ಬಂದು ಕೂತಿರುತ್ತದೆ. ಇನ್ನೊಂದು ಕಾರಣ, ಎಡಬಲ ಸಮ ಮಾಡಲು ಹೋಗುವುದು. ಎಡಗಡೆ ಸ್ವಲ್ಪ ಹೆಚ್ಚು ಹೋಯಿತು ಎಂದು ಬಲಗಡೆ ತೆಗೆಯುತ್ತೀರಿ, ಈಗ ಬಲಗಡೆ ಹೆಚ್ಚಾಯಿತು ಎಂದು ಮತ್ತೆ ಎಡಗಡೆ. ಪ್ರತಿ ಸಲವೂ ಗೆರೆ ಮೇಲಕ್ಕೇ ಹೋಗುತ್ತದೆ, ಕೆಳಕ್ಕೆ ಬರುವ ದಾರಿಯೇ ಇಲ್ಲ.

ಸರಿಯಾದ ಜಾಗವನ್ನು ಬೆರಳಿನಿಂದಲೇ ಕಂಡುಹಿಡಿಯಬಹುದು. ನುಂಗುವಾಗ ಮೇಲೆ ಕೆಳಗೆ ಸರಿಯುವ ಗಂಟಲಿನ ಗಂಟನ್ನು ಮುಟ್ಟಿ ನೋಡಿ. ನೇರವಾಗಿ ನಿಂತು, ದೃಷ್ಟಿ ಎದುರಿಗೇ ಇಟ್ಟು, ತೋರುಬೆರಳು ಮತ್ತು ನಡುಬೆರಳನ್ನು ಜೋಡಿಸಿ ಆ ಗಂಟಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಇಡಿ. ಮೇಲಿನ ಬೆರಳಿನ ಮೇಲಂಚು ಎಲ್ಲಿಗೆ ಬರುತ್ತದೋ ಅದೇ ಗೆರೆಯ ನಡುಬಿಂದು. ಹೆಚ್ಚಿನವರಲ್ಲಿ ಗದ್ದದ ಕೆಳಭಾಗ ತಿರುಗಿ ಕತ್ತಾಗುವ ಮಡಿಕೆಯೂ ಸುಮಾರಾಗಿ ಅಲ್ಲಿಯೇ ಬೀಳುತ್ತದೆ. ಕತ್ತು ಗಿಡ್ಡವಿದ್ದು, ಎರಡು ಬೆರಳು ಇಟ್ಟರೆ ಗದ್ದಕ್ಕೇ ತಾಗುತ್ತದೆ ಎನ್ನುವವರು ಒಂದೇ ಬೆರಳು ಇಡಬೇಕು. ಬೆರಳಿನ ಅಳತೆಗೂ ಮಡಿಕೆಗೂ ಹೊಂದದಿದ್ದರೆ ಮಡಿಕೆಯ ಮಾತನ್ನೇ ಕೇಳಿ, ಏಕೆಂದರೆ ನೋಡುವವರ ಕಣ್ಣಿಗೆ ಮುಖ ಮುಗಿಯುವುದು ಅಲ್ಲಿಯೇ.

ಉಳಿದ ಎರಡು ಬಿಂದುಗಳು ಎರಡೂ ಕಿವಿಗಳ ಹಿಂದೆ, ಹಾಲೆ ತಲೆಗೆ ಸೇರುವ ಜಾಗದ ತುಸು ಕೆಳಗೆ. ಅಲ್ಲಿಂದ ಗೆರೆ ದವಡೆಯ ಮೂಲೆಯ ಹಿಂಬದಿಯಿಂದ ಇಳಿದು, ಮೂಳೆಯ ಅಂಚಿನಿಂದ ಕೆಳಗೇ ಉಳಿದು, ನಡುಬಿಂದುವನ್ನು ಸೇರಬೇಕು. ದವಡೆಯ ಮೂಲೆಯನ್ನು ಸುತ್ತುವಾಗ ತೀಕ್ಷ್ಣ ಕೋನ ಬಾರದಿರಲಿ. ಅಗಲವಾದ, ಸಡಿಲವಾದ ಬಾಗು ಸಾಕು. ಕೈ ನಡುಗುತ್ತದೆ ಎನಿಸಿದರೆ ತೊಳೆದರೆ ಹೋಗುವ ಕಣ್ಣುಕಪ್ಪಿನ ಪೆನ್ಸಿಲ್‌ನಿಂದ ಮೂರೂ ಬಿಂದುಗಳನ್ನು ಗುರುತು ಹಾಕಿಕೊಳ್ಳಿ. ಇದನ್ನು ನಾನು ಒತ್ತಾಯದಿಂದಲೇ ಹೇಳುತ್ತೇನೆ, ಗುರುತು ಒಮ್ಮೆ ಬಿದ್ದ ಮೇಲೆ ಗದ್ದ ಎತ್ತಿದರೂ ಗೆರೆ ಜಾರಿಹೋಗುವುದಿಲ್ಲ.

ಕತ್ತರಿಸುವ ಕೆಲಸ ಒಣಗಿದ ಗಡ್ಡದಲ್ಲೇ ಆಗಬೇಕು. ಒದ್ದೆ ಕೂದಲು ಚರ್ಮಕ್ಕೆ ಅಂಟಿ ಉದ್ದವಾಗಿ ಕಾಣುತ್ತದೆ, ಒಣಗಿದ ಮೇಲೆ ಮೇಲೇಳುತ್ತದೆ. ಗುಂಗುರು ಗಡ್ಡದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಮೊದಲು ಗಡ್ಡವನ್ನು ಅದು ಬೆಳೆದ ದಿಕ್ಕಿಗೇ ಬಾಚಿ. ಟ್ರಿಮ್ಮರ್‌ನ ಗಾರ್ಡ್ ತೆಗೆದು, ಹಲ್ಲುಗಳು ಚರ್ಮಕ್ಕೆ ಮುಖ ಮಾಡುವಂತೆ ತಿರುಗಿಸಿ ಹಿಡಿದು, ನಡುಬಿಂದುವಿನಲ್ಲಿ ಹಗುರವಾಗಿ ತಾಗಿಸಿ ಕೆಳಕ್ಕೆ ಎಳೆಯಿರಿ. ಹೀಗೆ ಒಂದೊಂದೇ ಬ್ಲೇಡ್ ಅಗಲದಷ್ಟು ಸರಿದು ಕಿವಿಯ ಕಡೆಗೆ ಹೋಗಿ, ಮತ್ತೆ ನಡುವಿಗೆ ಬಂದು ಇನ್ನೊಂದು ಬದಿಗೆ ಹೋಗಿ. ಕಿವಿಯಿಂದ ಶುರು ಮಾಡಿದರೆ ಎರಡು ಗೆರೆಗಳು ನಡುವೆ ಕೂಡುವಾಗ ಒಂದು ಮೇಲೆ ಒಂದು ಕೆಳಗೆ ಆಗುವುದು ಬಲು ಸಾಮಾನ್ಯ. ಮೊದಲ ಸುತ್ತಿನಲ್ಲಿ ಗುರುತಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ಇರಿ. ಸರಿಯಿದೆ ಎಂದು ಖಚಿತವಾದ ಮೇಲೆ ಗುರುತಿನವರೆಗೆ ಏರಿಸಿ.

ಪರೀಕ್ಷೆಗೆ ಕನ್ನಡಿಗಿಂತ ಮೊಬೈಲ್ ಕ್ಯಾಮೆರಾ ಮೇಲು. ಕಣ್ಣಿನ ಎತ್ತರದಲ್ಲಿ, ತೋಳಿನಷ್ಟು ದೂರದಲ್ಲಿ ಹಿಡಿದು ನೇರ ಒಂದು, ಎರಡೂ ಪಕ್ಕದಿಂದ ಒಂದೊಂದು ಚಿತ್ರ ತೆಗೆಯಿರಿ. ನೇರ ನೋಟದಲ್ಲಿ ಗೆರೆಯೇ ಕಾಣಬಾರದು, ಗಡ್ಡ ಗದ್ದದ ಕೆಳಗೆ ಮರೆಯಾಗಿ ಹೋದಂತಿರಬೇಕು. ನೇರ ನೋಟದಲ್ಲೇ ಗಡ್ಡದ ಕೆಳಗೆ ಬೋಳು ಚರ್ಮ ಕಂಡರೆ ಗೆರೆ ಮೇಲಿದೆ ಎಂದೇ ಅರ್ಥ. ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ ಕನ್ನಡಿಯನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅದರಲ್ಲಿ ಒಂದೊಂದು ಕೂದಲು ಕಾಣುತ್ತದೆಯೇ ಹೊರತು ಇಡೀ ಆಕಾರ ಕಾಣುವುದಿಲ್ಲ.

ಇನ್ನು ನಿಮ್ಮ ಈಗಿನ ಗಡ್ಡವನ್ನು ಸರಿಪಡಿಸುವ ಬಗೆ. ಗಡ್ಡದ ಕೂದಲು ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರ್ ಬೆಳೆಯುತ್ತದೆ. ಬೋಳಿಸಿದ ಪಟ್ಟಿ ನಿಮ್ಮ ಉಳಿದ ಗಡ್ಡದಂತೆ 8 ಮಿಲಿಮೀಟರ್ ಆಗಲು ಮೂರು ವಾರಕ್ಕೂ ಹೆಚ್ಚು ಬೇಕು. ಅಷ್ಟು ದಿನ ಮೆಟ್ಟಿಲಿನಂತಹ ಅಂಚು ಇಟ್ಟುಕೊಂಡು ಓಡಾಡಬೇಕಿಲ್ಲ. ಮೊದಲ ನಾಲ್ಕು ದಿನ ಕತ್ತಿಗೆ ಕೈ ಹಚ್ಚಬೇಡಿ. ಐದನೆಯ ದಿನ ಹೊಸ ಕೂದಲು ಒಂದೂವರೆ ಮಿಲಿಮೀಟರ್‌ನಷ್ಟಾಗಿ ಎಲ್ಲಿಯವರೆಗೆ ಬೆಳೆಯುತ್ತದೆ ಎಂಬುದು ತಿಳಿಯುತ್ತದೆ. ಆಗ ಮೇಲೆ ಹೇಳಿದಂತೆ ಹೊಸ ಗೆರೆ ಗುರುತಿಸಿ, ಅದರ ಕೆಳಗಿನದನ್ನಷ್ಟೇ ತೆಗೆಯಿರಿ. ಅದೇ ದಿನ ಟ್ರಿಮ್ಮರ್‌ಗೆ 5 ಮಿಲಿಮೀಟರ್ ಗಾರ್ಡ್ ಹಾಕಿ, ದವಡೆಯ ಅಂಚಿನಲ್ಲಿರುವ ಹಳೆಯ ಗಡ್ಡದ ಒಂದು ಬೆರಳಗಲ ಭಾಗವನ್ನು ಮಾತ್ರ ಇಳಿಸಿ. ಆಗ 8, 5, ಒಂದೂವರೆ ಎಂಬ ಇಳಿಜಾರು ಬಂದು ಅಂಚು ಮೃದುವಾಗುತ್ತದೆ. ವಾರಕ್ಕೊಮ್ಮೆ ಆ ಬೆರಳಗಲದ ಭಾಗವನ್ನು 5ರಲ್ಲೇ ಕಾಯ್ದುಕೊಳ್ಳಿ. ಬೋಳಿಸಿದ ದಿನದಿಂದ ಎರಡು ವಾರ ಕಳೆಯುವ ಹೊತ್ತಿಗೆ ಕೆಳಗಿನ ಹೊಸ ಕೂದಲೂ ಹೆಚ್ಚುಕಡಿಮೆ 5 ಮಿಲಿಮೀಟರ್ ಆಗಿ ಎರಡೂ ಒಂದಾಗುತ್ತವೆ. ಅಲ್ಲಿಂದ ಮುಂದೆ ಎಲ್ಲವನ್ನೂ 8ಕ್ಕೆ ಬೆಳೆಸಬಹುದು. ನನ್ನನ್ನು ಕೇಳಿದರೆ ದವಡೆಯ ಕೆಳಭಾಗವನ್ನು 5ರಲ್ಲೇ ಬಿಡುವುದು ಒಳ್ಳೆಯದು. ಕೆಳಗೆ ಗಿಡ್ಡ, ಮೇಲೆ ಉದ್ದ ಇದ್ದರೆ ದವಡೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕೆನ್ನೆಯ ಗೆರೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಸೈಡ್‌ಲಾಕ್‌ನ ಮುಂದಿನ ಅಂಚಿನಿಂದ ಮೀಸೆಯ ತುದಿಯವರೆಗೆ ಗಡ್ಡ ತಾನಾಗಿ ಒತ್ತಾಗಿ ಬೆಳೆಯುವ ಒಂದು ಅಂಚಿರುತ್ತದೆ. ಆ ಅಂಚಿನಿಂದ ಮೇಲೆ ಅಲ್ಲೊಂದು ಇಲ್ಲೊಂದು ಇರುವ ಬಿಡಿ ಕೂದಲನ್ನಷ್ಟೇ ತೆಗೆಯಿರಿ. ಒತ್ತಾದ ಭಾಗದೊಳಗೆ ಬ್ಲೇಡ್ ಇಳಿಸಿ ಸ್ಕೇಲ್ ಹಿಡಿದಂತೆ ನೇರ ಮಾಡಿದರೆ ಎರಡೇ ದಿನದಲ್ಲಿ ಮೇಲ್ಗಡೆ ಕಪ್ಪು ಚುಕ್ಕೆಗಳು ಎದ್ದು, ಗೆರೆ ಕೊಳಕಾಗಿ ಕಾಣುತ್ತದೆ. ಎರಡು ಕೆನ್ನೆಗಳ ಅಂಚು ಒಂದೇ ಎತ್ತರದಲ್ಲಿ ಇಲ್ಲದಿದ್ದರೆ ತಗ್ಗಿನ ಕಡೆಗೆ ಹೊಂದಿಸಲು ಎತ್ತರದ ಕಡೆಯಿಂದ ಒಂದೆರಡು ಮಿಲಿಮೀಟರ್ ತೆಗೆಯಬಹುದು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಹಾಗೆಯೇ ಬಿಡಿ, ಎರಡೂ ಕೆನ್ನೆಯನ್ನು ಯಾರೂ ಅಳತೆಪಟ್ಟಿ ಹಿಡಿದು ನೋಡುವುದಿಲ್ಲ.

ಸೈಡ್‌ಲಾಕ್‌ನಲ್ಲಿ ಮುಖ್ಯವಾದದ್ದು ತಲೆಗೂದಲಿನಿಂದ ಗಡ್ಡಕ್ಕೆ ಇಳಿಯುವ ಹೊಂದಿಕೆ. ಕಿವಿಯ ಮೇಲ್ಗಡೆ ತಲೆಗೂದಲನ್ನು 3 ಮಿಲಿಮೀಟರ್‌ಗೆ ಕತ್ತರಿಸಿಕೊಂಡು ಕೆಳಗೆ 8 ಮಿಲಿಮೀಟರ್ ಗಡ್ಡ ಬಿಟ್ಟರೆ ಕಿವಿಯ ಮುಂದೆ ಗಡ್ಡ ಅಂಟಿಸಿದಂತೆ ಕಾಣುತ್ತದೆ. ಕಿವಿಯ ಮೇಲ್ತುದಿಯಿಂದ ಹಾಲೆಯವರೆಗಿನ ಜಾಗವನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಂಡು, ಮೇಲಿನದಕ್ಕೆ 3, ನಡುವಿನದಕ್ಕೆ 5, ಕೆಳಗಿನದಕ್ಕೆ 6 ಅಥವಾ 7ರ ಗಾರ್ಡ್ ಹಾಕಿ. ಭಾಗಗಳು ಕೂಡುವ ಕಡೆ ಟ್ರಿಮ್ಮರ್ ಅನ್ನು ಒತ್ತದೆ, ಚರ್ಮದಿಂದ ಹೊರಕ್ಕೆ ಬಾಗಿಸುತ್ತಾ ತೆಗೆದರೆ ಪಟ್ಟೆ ಬೀಳುವುದಿಲ್ಲ. ಎರಡೂ ಕಡೆಯ ಎತ್ತರವನ್ನು ಕಿವಿಯಿಂದ ಅಳೆಯಬೇಡಿ, ಅನೇಕರ ಎರಡು ಕಿವಿಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ಕಣ್ಣಿನ ಹೊರ ಅಂಚನ್ನು ಆಧಾರವಾಗಿ ಇಟ್ಟುಕೊಳ್ಳಿ.

ಗೆರೆಯ ಕೆಳಗೆ ರೇಜರ್ ಬಳಸುವವರು ಕೂದಲಿನ ದಿಕ್ಕನ್ನು ಮೊದಲು ಬೆರಳಿನಿಂದ ಸವರಿ ತಿಳಿಯಬೇಕು. ಕತ್ತಿನಲ್ಲಿ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಕೆಲವರಲ್ಲಿ ಮೇಲಕ್ಕೆ, ಕೆಲವರಲ್ಲಿ ಪಕ್ಕಕ್ಕೆ, ಇನ್ನು ಕೆಲವರಲ್ಲಿ ಸುಳಿಯಾಗಿ ಇರುತ್ತದೆ. ಸವರಿದಾಗ ನುಣುಪಾಗಿ ತಾಗುವ ದಿಕ್ಕಿಗೇ ರೇಜರ್ ಎಳೆಯಿರಿ. ಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ನೆನೆದ ಮೇಲೆ ಶೇವಿಂಗ್ ಕ್ರೀಮ್ ಹಚ್ಚಿ, ಚರ್ಮವನ್ನು ಬಿಗಿಯಾಗಿ ಎಳೆಯದೆ ಬೋಳಿಸಿ. ಎದುರು ದಿಕ್ಕಿಗೆ ತೀರಾ ಬುಡಕ್ಕೆ ಕತ್ತರಿಸಿದ ಕೂದಲು, ಅದರಲ್ಲೂ ಗುಂಗುರು ಕೂದಲು, ಬಾಗಿ ಚರ್ಮದೊಳಕ್ಕೇ ನುಗ್ಗಿ ಕೆಂಪು ಗುಳ್ಳೆ ಎಬ್ಬಿಸುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಳ್ಳೆ ಏಳುತ್ತಿದ್ದರೆ ರೇಜರ್ ಬಿಟ್ಟು, ಗಾರ್ಡ್ ಇಲ್ಲದ ಟ್ರಿಮ್ಮರ್‌ನಿಂದ ಅರ್ಧ ಮಿಲಿಮೀಟರ್ ಉಳಿಸಿ ಕತ್ತರಿಸಿ. ಅಷ್ಟು ಚಿಕ್ಕ ಕೂದಲು ಗೆರೆಯ ಅಂದವನ್ನು ಕೆಡಿಸುವುದಿಲ್ಲ. ಗುಳ್ಳೆಯಲ್ಲಿ ಕೀವು ತುಂಬಿದರೆ ಅಥವಾ ಅದು ಹರಡುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಚಿಮಟದಿಂದ ಕೆದಕಲು ಹೋಗಬೇಡಿ.

ಮೂರು ನಾಲ್ಕು ದಿನಕ್ಕೊಮ್ಮೆ ಗೆರೆಯ ಕೆಳಗನ್ನು ಶುಚಿ ಮಾಡಿದರೆ ಸಾಕು. ಹಾಗೆ ಮಾಡುವಾಗ ಹಿಂದಿನ ಅಂಚನ್ನೇ ನೋಡಿಕೊಂಡು ಕತ್ತರಿಸುತ್ತಾ ಹೋದರೆ ಗೆರೆ ಪ್ರತಿ ಸಲ ಕೂದಲೆಳೆಯಷ್ಟು ಮೇಲೇರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ನಾಲ್ಕೈದು ದಿನ ಕತ್ತನ್ನು ಮುಟ್ಟದೆ ಬಿಟ್ಟು, ಮೂರು ಬಿಂದುಗಳನ್ನು ಹೊಸದಾಗಿ ಗುರುತಿಸಿಕೊಳ್ಳಿ.